ಸಂಬಳ ಕೊಡುವವರು ಕೇಳಿದಾಗ

ನಾರಾಯಣಪೇಟೆ, ಮಕ್ತಲ್, ಗದ್ವಾಲದ ವ್ಯಾಪಾರಸ್ಥ ಬಂಧುಗಳೇ,

ನಿಮ್ಮ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ತಂಗಿಯ ಫೋಟೋ ಎಐ ಆ್ಯಪಿಗೆ ಹಾಕಿ ಜಾಹೀರಾತು ಮಾಡಿಸಿದಿರಿ ಎಂದುಕೊಳ್ಳಿ. ನೀವು ಕೇಳಿದಾಗ ಅವಳು "ಆಗ್ಲಿ ಸಾವಕಾರ್ರಿ" ಅಂದಿದ್ದಳು. ಆದರೆ ಸಂಬಳ ಕೊಡುವವರಿಗೆ ಬೇಡ ಅನ್ನುವುದು ಸುಲಭವೇ? ಅಲ್ಲದೆ ಅವಳು ಒಪ್ಪಿದ್ದು ತನ್ನ ಫೋಟೋಗೆ. ಬಂದ ಚಿತ್ರದಲ್ಲಿ ಮೈಬಣ್ಣ ಬಿಳುಪಾಗಿದೆ, ಕೊರಳಿಗೆ ತಾಳಿ ಬಂದಿದೆ. ಮದುವೆಯಾಗದ ಅವಳು ಊರವರಿಗೆ ಏನು ಹೇಳಬೇಕು? ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋದದ್ದನ್ನು ಮರಳಿ ತರಲಾಗದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಮ್ಮತಿಯು ಒತ್ತಾಯವಿಲ್ಲದ್ದಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು.

ಆದ್ದರಿಂದ ಎರಡು ಸಲ ಕೇಳಿ. ಮೊದಲನೆಯದು, ಫೋಟೋ ಆ್ಯಪಿಗೆ ಹಾಕುವ ಮುಂಚೆ. ಯಾವ ಫೋಟೋ, ಯಾವ ಜಾಹೀರಾತು, ಯಾವ ತಿಂಗಳವರೆಗೆ ಎಂದು ಅವಳು ಓದುವ ಭಾಷೆಯಲ್ಲಿ, ಕನ್ನಡವೋ ತೆಲುಗೋ, ಬರೆದುಕೊಡಿ. ಯೋಚಿಸಲು ಎರಡು ದಿನ ಬಿಡಿ. ಎರಡನೆಯದು, ಸಿದ್ಧವಾದ ಚಿತ್ರವನ್ನು ಹೊರಗೆ ಕಳಿಸುವ ಮುಂಚೆ ಅವಳಿಗೇ ತೋರಿಸಿ. ಕೆಲಸ ಬಿಟ್ಟು ಹೋದ ಮೇಲೆ ಮತ್ತೆ ಕೇಳದೆ ಆ ಮುಖ ಬಳಸಬೇಡಿ.

ಸೀರೆಯನ್ನೂ ನೋಡಿ. ಗದ್ವಾಲ ಸೀರೆಯ ಸಾಂಪ್ರದಾಯಿಕ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಚಿತ್ರದಲ್ಲಿ ಇಡೀ ಸೀರೆ ರೇಷ್ಮೆಯಂತೆ ಮಿನುಗಿದರೆ, ಆ ತಂಗಿಯ ಮುಖ ಗಿರಾಕಿಗೆ ಸುಳ್ಳು ಹೇಳಿದಂತಾಯಿತು.

ಅವಳು ಬೇಡವೆಂದರೆ ಸೀರೆಯನ್ನು ಗೊಂಬೆಗೆ ಉಡಿಸಿ. ಮರುದಿನವೂ ನೀವು ಅವಳನ್ನು ಎಂದಿನಂತೆಯೇ ಮಾತಾಡಿಸಿದರೆ, ಉಳಿದವರು ಕೊಟ್ಟ ಒಪ್ಪಿಗೆಯೂ ನಿಜವಾದ ಒಪ್ಪಿಗೆಯೇ.