ಏನೂ ಬರೆಯದ ಅಗ್ರಿಮೆಂಟು

ವಕೀಲಿಕೆ ಮಾಡುವ ನನಗೆ ವರ್ಷಕ್ಕೆ ಮೂರ್ನಾಲ್ಕು ಸಲವಾದರೂ ಬರುವ ಫೋನ್ ಇದು. "ಅಣ್ಣಾ, ನಾನು, ನನ್ ಫ್ರೆಂಡು ಸೇರಿ ಒಂದು ಅಂಗಡಿ ಹಾಕ್ತಿದೀವಿ. ಸುಮ್ನೆ ಒಂದು ಅಗ್ರಿಮೆಂಟ್ ಮಾಡ್ಕೊಡಿ." ಯಾರು ಎಷ್ಟು ದುಡ್ಡು ಹಾಕ್ತಿದೀರಿ ಅಂತ ಕೇಳಿದರೆ, "ಅದೆಲ್ಲಾ ನಮ್ಮಿಬ್ರಿಗೆ ಗೊತ್ತಿದೆ." ಅಂಗಡೀಲಿ ಕೂರೋದು ಯಾರು? "ಇಬ್ರೂ ನೋಡ್ಕೋತೀವಿ." ಲಾಸ್ ಆದ್ರೆ? ಇಲ್ಲಿ ದನಿ ಸ್ವಲ್ಪ ಗಡುಸಾಗುತ್ತದೆ. "ಸ್ಕೂಲಿಂದ ಜೊತೇಲಿರೋರು ನಾವು. ಹಂಗೆಲ್ಲಾ ಬರೆದ್ರೆ ಅವ್ನಿಗೆ ಬೇಜಾರಾಗತ್ತೆ. ಇಬ್ರೂ ಪಾರ್ಟ್‌ನರ್ಸ್ ಅಂತ ಒಂದು ಸ್ಟಾಂಪ್ ಪೇಪರ್ ಇದ್ರೆ ಸಾಕು."

ಇದನ್ನು ದಡ್ಡತನ ಅಂತ ತಳ್ಳಿಹಾಕುವುದು ಸುಲಭ. ಆದರೆ ಇದರ ಹಿಂದೆ ಒಂದು ನೈತಿಕ ನಂಬಿಕೆ ಇದೆ, ಅದನ್ನು ಗೌರವದಿಂದಲೇ ನೋಡಬೇಕು. ಷರತ್ತು ಹಾಕುವುದು ಅಂದರೆ ಅನುಮಾನ ಪಡುವುದು. ಅನುಮಾನ ಇರುವ ಕಡೆ ಸ್ನೇಹ ಇರುವುದಿಲ್ಲ. ಹಾಗಾಗಿ ಷರತ್ತಿಲ್ಲದ ಕಾಗದವೇ ಸ್ನೇಹಿತರಿಗೆ ತಕ್ಕ ಕಾಗದ. ಈ ವಾದ ಎಲ್ಲಿ ತಪ್ಪುತ್ತದೆ? ಜನ ಕೆಟ್ಟವರು, ದುಡ್ಡಿನ ವಿಷಯದಲ್ಲಿ ಯಾರನ್ನೂ ನಂಬಬೇಡಿ ಅನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ. ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಇಬ್ಬರೂ ಪ್ರಾಮಾಣಿಕರೇ ಆಗಿರಲಿ, ಆಗಲೂ ಖಾಲಿ ಕಾಗದ ಅವರನ್ನು ಕಾಪಾಡುವುದಿಲ್ಲ ಅನ್ನುವುದು ನನ್ನ ಮಾತು.

ಮೊದಲಿಗೆ, ಖಾಲಿ ಕಾಗದ ಅನ್ನುವುದು ನಿಜಕ್ಕೂ ಖಾಲಿ ಅಲ್ಲ. ಇಬ್ಬರು ಸೇರಿ ಲಾಭ ಹಂಚಿಕೊಳ್ಳಲು ಒಪ್ಪಿ ವ್ಯಾಪಾರ ಶುರು ಮಾಡಿದರೆ, ನಮ್ಮಲ್ಲಿ ಅದಕ್ಕೆ 1932ರ ಪಾಲುದಾರಿಕೆ ಕಾಯ್ದೆ ಅನ್ವಯಿಸುತ್ತದೆ. ಪಾಲುದಾರರು ಏನನ್ನು ಮಾತಾಡಿಕೊಂಡಿಲ್ಲವೋ ಆ ಜಾಗವನ್ನು ಕಾಯ್ದೆಯೇ ತುಂಬುತ್ತದೆ. ಅದರ 13ನೇ ಸೆಕ್ಷನ್ ಪ್ರಕಾರ ಲಾಭ ಸಮಪಾಲು, ನಷ್ಟವೂ ಸಮಪಾಲು. ಯಾರು ಎಷ್ಟು ಬಂಡವಾಳ ಹಾಕಿದರು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಅಂಗಡಿಯಲ್ಲಿ ದುಡಿದ ಪಾಲುದಾರನಿಗೆ ಸಂಬಳ ಇಲ್ಲ. ಇವೆಲ್ಲಾ "ಬೇರೆ ರೀತಿ ಒಪ್ಪಂದ ಇಲ್ಲದಿದ್ದರೆ" ಮಾತ್ರ. ಅಂದರೆ "ನಾವು ಏನೂ ಷರತ್ತು ಹಾಕ್ಕೊಂಡಿಲ್ಲ" ಅನ್ನುವವರು ನಿಜವಾಗಿ ತಾವು ಓದಿರದ ಷರತ್ತುಗಳನ್ನು ಒಪ್ಪಿಕೊಂಡಿರುತ್ತಾರೆ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನೋಡಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಬ್ಬರು ಸ್ನೇಹಿತರು ಸೇರಿ ಒಂದು ಸಣ್ಣ ಕಾಫಿ-ತಿಂಡಿ ಅಂಗಡಿ ಹಾಕುತ್ತಾರೆ. ಒಬ್ಬ ಐಟಿ ಕೆಲಸದಲ್ಲಿದ್ದಾನೆ, 8 ಲಕ್ಷ ಹಾಕುತ್ತಾನೆ. ಇನ್ನೊಬ್ಬ ಕೈಲಿದ್ದ 2 ಲಕ್ಷ ಹಾಕಿ, ಇದ್ದ ಕೆಲಸ ಬಿಟ್ಟು, ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ ಅಂಗಡಿಯಲ್ಲೇ ಇರುತ್ತಾನೆ. ಮನೆ ಖರ್ಚಿಗೆ ಅಂತ ತಿಂಗಳಿಗೆ 15,000 ಗಲ್ಲಾದಿಂದ ತೆಗೆದುಕೊಳ್ಳುತ್ತಾನೆ. ಅದನ್ನು ಇಬ್ಬರೂ ಬಲ್ಲರು, ಯಾರೂ ಅದಕ್ಕೆ ಹೆಸರಿಟ್ಟಿಲ್ಲ. ಒಂದೂವರೆ ವರ್ಷ ಅಂಗಡಿ ನಡೆಯುತ್ತದೆ. ಆ 15,000ವೂ ಸೇರಿ ಖರ್ಚೆಲ್ಲ ಹೋದರೆ ಉಳಿಯುವುದು ಸೊನ್ನೆ. ಕೊನೆಗೆ ಮುಚ್ಚಲು ತೀರ್ಮಾನಿಸುತ್ತಾರೆ. ಸಾಮಾನು ಮಾರಿ, ಜಾಗದ ಅಡ್ವಾನ್ಸ್ ವಾಪಸ್ ಪಡೆದು, ಹೊರಗಿನ ಬಾಕಿ ತೀರಿಸಿದ ಮೇಲೆ ಕೈಲಿ 4 ಲಕ್ಷ. ಹಾಕಿದ್ದು 10 ಲಕ್ಷ, ನಷ್ಟ 6 ಲಕ್ಷ. ಈಗ ಈ 4 ಲಕ್ಷ ಯಾರದು?

ಐಟಿ ಗೆಳೆಯ ಹೀಗೆ ಯೋಚಿಸಬಹುದು: "ನನಗೆ ಅಂಗಡಿ ಬೇಕಿರಲಿಲ್ಲ, ಅವನಿಗೆ ಒಂದು ದಾರಿ ಆಗಲಿ ಅಂತ ಕೊಟ್ಟೆ. ಅದು ಸಾಲ." ಹಾಗಾದರೆ 4 ಲಕ್ಷವೂ ಅವನದೇ, ಉಳಿದ 4 ಲಕ್ಷವನ್ನು ದುಡಿದ ಗೆಳೆಯ ಇನ್ನೂ ತೀರಿಸಬೇಕು. ದುಡಿದ ಗೆಳೆಯ ಹೀಗೆ ಯೋಚಿಸಬಹುದು: "ದುಡ್ಡು ಯಾವ ಪ್ರಮಾಣದಲ್ಲಿ ಹಾಕಿದ್ವೋ ನಷ್ಟವೂ ಅದೇ ಪ್ರಮಾಣದಲ್ಲಿ." ಹಾಗಾದರೆ ಅವನಿಗೆ 80,000 ಸಿಗುತ್ತದೆ, ಐಟಿ ಗೆಳೆಯನಿಗೆ 3 ಲಕ್ಷದ 20,000. ಇಬ್ಬರೂ ಪಾಲುದಾರರು, ಬೇರೇನೂ ಮಾತಾಗಿಲ್ಲ ಅಂತಾದರೆ ಕಾಯ್ದೆ ಮೂರನೆಯ ಉತ್ತರ ಕೊಡುತ್ತದೆ. ನಷ್ಟ ಸಮಪಾಲು, ತಲಾ 3 ಲಕ್ಷ. ಐಟಿ ಗೆಳೆಯನ 8ರಲ್ಲಿ 3 ಹೋಗಿ 5 ಲಕ್ಷ ಬರಬೇಕು. ದುಡಿದವನ 2ರಲ್ಲಿ 3 ಹೋಗಲಾರದು, ಅವನೇ 1 ಲಕ್ಷ ಕೈಯಿಂದ ತಂದು ಹಾಕಬೇಕು. ಕೈಲಿದ್ದ ಗಂಟು ಕಳೆದುಕೊಂಡು, ಒಂದೂವರೆ ವರ್ಷ ಬೆವರು ಹರಿಸಿ, ಕೊನೆಗೆ ಗೆಳೆಯನಿಗೇ ಲಕ್ಷ ರೂಪಾಯಿ ಬಾಕಿದಾರ!

ಇಷ್ಟಕ್ಕೇ ಮುಗಿಯುವುದಿಲ್ಲ. ಆ 15,000 ಸಂಬಳವೋ, ಅಥವಾ ಲಾಭದ ಮುಂಗಡವೋ? ಒಂದೂವರೆ ವರ್ಷಕ್ಕೆ ಅದು 2 ಲಕ್ಷದ 70,000. ಸಂಬಳ ಅಂದರೆ ಅಂಗಡಿಯ ಖರ್ಚಿಗೆ ಸೇರಿತು, ಪ್ರಶ್ನೆ ಇಲ್ಲ. ಸಂಬಳ ಅಲ್ಲ ಅಂದರೆ ಅದು ಅಂಗಡಿಯ ಲಾಭ, ಅದರಲ್ಲಿ ಅರ್ಧ ಐಟಿ ಗೆಳೆಯನದು. ಬಾಕಿ 1 ಲಕ್ಷದಿಂದ 2 ಲಕ್ಷದ 35,000ಕ್ಕೆ ಏರುತ್ತದೆ. "ತಿಂಗಳು ತಿಂಗಳೂ ತಗೋತಿದ್ದೆ, ಅವನು ನೋಡಿ ಸುಮ್ಮನಿದ್ದ, ಅಂದ್ಮೇಲೆ ಅದು ಸಂಬಳವೇ" ಅಂತ ದುಡಿದವನು ವಾದಿಸಬಹುದು. ನಡೆದುಕೊಂಡು ಬಂದ ರೀತಿಯಿಂದಲೂ ಒಪ್ಪಂದವನ್ನು ಊಹಿಸಲು ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಅದನ್ನು ಅವನು ಸಾಬೀತು ಮಾಡಬೇಕು, ಅದೂ ಜೀವದ ಗೆಳೆಯನ ಎದುರು ನಿಂತು.

ಈಗ ಆ ಉತ್ತರಗಳನ್ನು ಮತ್ತೊಮ್ಮೆ ನೋಡಿ. ಅವುಗಳಲ್ಲಿ ಯಾವುದೂ ಮೋಸದ ಮಾತಲ್ಲ. ಕೊಟ್ಟ ಸಾಲ ವಾಪಸ್ ಕೇಳುವುದು ನ್ಯಾಯ. ಹಾಕಿದ ಪ್ರಮಾಣದಲ್ಲಿ ಕಳೆದುಕೊಳ್ಳುವುದೂ ನ್ಯಾಯ. ಪಾಲುದಾರರು ಸಮಾನರು ಅನ್ನುವುದೂ ನ್ಯಾಯ. "ನನ್ನ ದುಡಿಮೆಯೂ ಬಂಡವಾಳವೇ" ಅಂದರೆ ಅದೂ ನ್ಯಾಯವೇ. ನನಗೆ ಮುಖ್ಯ ಅನ್ನಿಸುವುದು ಇದು. "ಅವನು ಒಳ್ಳೆಯವನು, ನ್ಯಾಯವಾಗಿ ನಡ್ಕೋತಾನೆ" ಅಂತ ನಂಬುವಾಗ ನ್ಯಾಯ ಅನ್ನುವುದು ಒಂದೇ ಇದೆ ಅಂದುಕೊಂಡಿರುತ್ತೇವೆ. ಹಂಚಿಕೆಯ ವಿಷಯದಲ್ಲಿ ಅದು ಒಂದಕ್ಕಿಂತ ಹೆಚ್ಚು ಇರುತ್ತದೆ. ಇಬ್ಬರು ಒಳ್ಳೆಯವರು ಎರಡು ನ್ಯಾಯಗಳನ್ನು ಹಿಡಿದುಕೊಂಡು ನಿಂತಾಗ, ಪ್ರತಿಯೊಬ್ಬನಿಗೂ ಎದುರಿನವನು ಮಾತಿಗೆ ತಪ್ಪಿದವನಂತೆ ಕಾಣುತ್ತಾನೆ. ಆಡದೇ ಇದ್ದ ಮಾತಿಗೆ!

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎಂಟನೇ ಭಾಗದಲ್ಲಿ ಇದನ್ನೇ ಗುರುತಿಸಿದ್ದ. ಲಾಭಕ್ಕಾಗಿ ಕೂಡುವ ಸ್ನೇಹದಲ್ಲಿ ಅವನು ಎರಡು ಬಗೆ ಹೇಳುತ್ತಾನೆ. ಒಂದು, ಇಷ್ಟಕ್ಕೆ ಇಷ್ಟು ಅಂತ ಷರತ್ತು ಹೇಳಿಕೊಂಡದ್ದು. ಇನ್ನೊಂದು, ಷರತ್ತಿಲ್ಲದೆ, ಗೆಳೆಯನಿಗೆ ಕೊಟ್ಟಂತೆ ಕೊಟ್ಟದ್ದು. ಆದರೆ ಈ ಎರಡನೆಯ ಬಗೆಯಲ್ಲಿ ಕೊಟ್ಟವನು ಮನಸ್ಸಿನೊಳಗೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ವಾಪಸ್ ಬರಬೇಕು ಅಂದುಕೊಂಡಿರುತ್ತಾನೆ, ದಾನ ಕೊಟ್ಟಂತಲ್ಲ, ಸಾಲ ಕೊಟ್ಟಂತೆ. ಶುರುವಾದ ರೀತಿಯಲ್ಲೇ ಸಂಬಂಧ ಮುಗಿಯದಿದ್ದಾಗ ದೂರು ಹುಟ್ಟುತ್ತದೆ ಅನ್ನುತ್ತಾನೆ ಅವನು. ನಮ್ಮ ಕಾಫಿ ಅಂಗಡಿಯದೂ ಅದೇ ಕಥೆ. ಸ್ನೇಹ ಅಂತ ಶುರುವಾಗಿ, ಲೆಕ್ಕ ಅಂತ ಮುಗಿಯಿತು.

ಹಾಗಾದರೆ ಸ್ಟಾಂಪ್ ಪೇಪರ್ ಮೇಲೆ "ಇಬ್ಬರೂ ನ್ಯಾಯವಾಗಿ ಹಂಚಿಕೊಳ್ಳತಕ್ಕದ್ದು" ಅಂತ ಬರೆಸಿದರೆ? ಸ್ಟಾಂಪ್ ಪೇಪರ್ ಅಂದರೆ ಸರ್ಕಾರಕ್ಕೆ ಕಟ್ಟುವ ಶುಲ್ಕ, ಅಷ್ಟೇ. ಅದು ಮಾತಿಗೆ ಅರ್ಥ ತುಂಬುವುದಿಲ್ಲ. 1872ರ ಕರಾರು ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ, ಏನು ಅಂತ ಖಚಿತವಾಗಿ ತಿಳಿಯಲಾಗದ ಒಪ್ಪಂದ ಅನೂರ್ಜಿತ. ಕಾಯ್ದೆಯೇ ಕೊಡುವ ಉದಾಹರಣೆ ಸೊಗಸಾಗಿದೆ. ನೂರು ಟನ್ ಎಣ್ಣೆ ಮಾರುತ್ತೇನೆ ಅಂತ ಒಬ್ಬ ಒಪ್ಪಿದ, ಯಾವ ಎಣ್ಣೆ ಅಂತ ತಿಳಿಯಲು ಏನೂ ಇಲ್ಲ. ಅದು ಒಪ್ಪಂದವೇ ಅಲ್ಲ. "ನ್ಯಾಯವಾಗಿ" ಅನ್ನುವುದೂ ಯಾವ ಎಣ್ಣೆ ಅಂತ ಹೇಳದ ಮಾತೇ.

ಇದಕ್ಕೆ ಬರವಣಿಗೆಯೇ ಬೇಕು ಅಂತಲೂ ಅಲ್ಲ. ಹಳ್ಳಿಗಳಲ್ಲಿ ಮೇಕೆಯನ್ನು ಪಾಲಿಗೆ ಸಾಕಲು ಕೊಡುವುದನ್ನು ನೀವು ಕೇಳಿರಬಹುದು. ಮೇಕೆ ಕೊಟ್ಟವನದು, ಸಾಕುವ ಕೆಲಸ ಇನ್ನೊಬ್ಬನದು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಪಾಲು. ಕಾಗದ ಇಲ್ಲ, ಸಹಿ ಇಲ್ಲ. ಆದರೆ ಯಾವುದು ಯಾರದು ಅನ್ನುವುದನ್ನು ಮೇಕೆ ಹಗ್ಗ ಕೈ ಬದಲಾಯಿಸುವ ಮುಂಚೆಯೇ ಬಾಯಿಬಿಟ್ಟು ಹೇಳಿಕೊಂಡಿರುತ್ತಾರೆ. ತಾಯಿ ಮಕ್ಕಳಾದರೂ ಬಾಯಿ ಹೊಟ್ಟೆ ಬೇರೆ ಅನ್ನುವ ಜನ ಅವರು. ಅಲ್ಲಿ ಮಾತಿದೆ, ಕಾಗದ ಇಲ್ಲ. ನಮ್ಮಲ್ಲಿ ಕಾಗದ ಬೇಕು, ಮಾತು ಬೇಡ. ಷರತ್ತಿಲ್ಲದ ಅಗ್ರಿಮೆಂಟ್ ಕೇಳುವವರು ಹಲವು ಸಲ ನಂಬಿಕೆಯನ್ನು ಕಾಪಾಡುತ್ತಿರುವುದಿಲ್ಲ. ಒಂದು ಮುಜುಗರದ ಸಂಭಾಷಣೆಯಿಂದ ತಪ್ಪಿಸಿಕೊಳ್ಳುತ್ತಿರುತ್ತಾರೆ.

ಹಾಗಂತ ಎಲ್ಲವನ್ನೂ ಬರೆಯಬೇಕು ಅಂದರೆ ಅದೂ ಅತಿಯಾಯಿತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅಂಗಡಿ ನೀನು ನೋಡ್ಕೋಬೇಕು, ಇಷ್ಟು ಗಂಟೆಗೆ ಇಷ್ಟು ಅಂತ ಬರೆಯಲು ಹೊರಟರೆ ಅಲ್ಲಿ ಸ್ನೇಹ ಉಳಿಯುವುದಿಲ್ಲ. ನಾನು ಹಾಕಿಕೊಂಡ ಗೆರೆ ಇದು: ಇಬ್ಬರು ಒಳ್ಳೆಯವರು ಪ್ರಾಮಾಣಿಕವಾಗಿಯೇ ಭಿನ್ನವಾಗಿ ಯೋಚಿಸಬಹುದಾದ ವಿಷಯವನ್ನು ಹೇಳಿಕೊಳ್ಳಬೇಕು. ಒಳ್ಳೆಯತನದ ಮೇಲೆಯೇ ನಿಂತದ್ದನ್ನು ಬರೆಯದೆ ಬಿಡಬೇಕು. ಮೊದಲನೆಯ ಪಟ್ಟಿ ಚಿಕ್ಕದು. ಹಾಕಿದ ದುಡ್ಡು ಸಾಲವೋ ಪಾಲೋ? ದುಡಿಮೆಗೆ ಸಂಬಳ ಇದೆಯೋ, ಎಷ್ಟು? ಲಾಭ ನಷ್ಟ ಯಾವ ಪ್ರಮಾಣದಲ್ಲಿ? ಒಬ್ಬ ಬಿಟ್ಟು ಹೋಗಬೇಕೆಂದರೆ ಏನು ತೆಗೆದುಕೊಂಡು ಹೋಗುತ್ತಾನೆ?

ಹೊರಗಿನವರ ಬಾಕಿಗೆ ಮಾತ್ರ ಇವರಿಬ್ಬರ ಮಾತು ನಡೆಯುವುದಿಲ್ಲ. ಹಾಲು, ದಿನಸಿ ಸರಬರಾಜು ಮಾಡಿದವರು ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. "ನಾನು ಹಾಕಿದ 8 ಲಕ್ಷ ಹೋದರೆ ಹೋಗಲಿ" ಅಂದುಕೊಂಡ ಐಟಿ ಗೆಳೆಯ ತಿಳಿದಿರಬೇಕಾದ ವಿಷಯ ಇದು. ಪಾಲುದಾರಿಕೆಯಲ್ಲಿ ಅವನ ಹೊಣೆ 8 ಲಕ್ಷಕ್ಕೆ ನಿಲ್ಲುವುದಿಲ್ಲ.

ಈಗ ಫೋನ್ ಮಾಡಿದವರಿಗೆ ನಾನು ಒಂದೇ ಕೆಲಸ ಹೇಳುತ್ತೇನೆ. ಇಬ್ಬರೂ ಬೇರೆ ಬೇರೆ ಕೂತು, ಆ ನಾಲ್ಕು ಪ್ರಶ್ನೆಗೆ ಉತ್ತರ ಬರೆದು, ಆಮೇಲೆ ಚೀಟಿ ಬದಲಾಯಿಸಿಕೊಳ್ಳಿ. ಉತ್ತರಗಳು ಹೊಂದಿದರೆ ಅಗ್ರಿಮೆಂಟ್ ಅರ್ಧ ತಾಸಿನ ಕೆಲಸ. ಹೊಂದದಿದ್ದರೆ, ಗೆಳೆಯನ ಮನಸ್ಸಲ್ಲಿ ಯಾವ ನ್ಯಾಯ ಇದೆ ಅಂತ ಗೊತ್ತಾಗುತ್ತದೆ, ಅದೂ 10 ಲಕ್ಷ ಇನ್ನೂ ಇಬ್ಬರ ಜೇಬಲ್ಲೇ ಇರುವಾಗ.