ಪಿಪಿಟಿಯಿಂದ ಪತ್ರಿಕೆಗೆ

ಯೋಜನೆಯೊಂದು ಮುಗಿದಾಗ ಅದರ ಫಲಿತಾಂಶ ಮೊದಲು ಸೇರುವುದು ಪಿಪಿಟಿಗೆ. ಇಪ್ಪತ್ತೋ ಮೂವತ್ತೋ ಸ್ಲೈಡು, ನಡುವೆ ನಾಲ್ಕಾರು ಗ್ರಾಫು, ಕೊನೆಗೊಂದು ಧನ್ಯವಾದ. ಸಭೆಯಲ್ಲಿ ಅದನ್ನು ತೋರಿಸುವವರು ಪರದೆಯ ಪಕ್ಕದಲ್ಲೇ ನಿಂತಿರುತ್ತಾರೆ. ‘ಈ ಅಂಕಿ ಈ ಗುಂಪಿಗೆ ಮಾತ್ರ’, ‘ಇದಿನ್ನೂ ಪ್ರಾಥಮಿಕ’ ಎಂಬಂಥ ಮಾತುಗಳನ್ನು ಅವರು ಬಾಯಲ್ಲೇ ಹೇಳಿಬಿಡುತ್ತಾರೆ. ಸ್ಲೈಡಿನಲ್ಲಿ ಅವು ಇರುವುದಿಲ್ಲ. ಇದ್ದರೂ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುತ್ತವೆ. ಅದೇ ಸ್ಲೈಡುಗಳಿಂದ ಪತ್ರಿಕಾ ಪ್ರಕಟಣೆ ಬರೆಯಲು ಕೂತಾಗ ದಪ್ಪ ಅಕ್ಷರದ ಸಾಲುಗಳು ಹಾಗೇ ಇಳಿದು ಬರುತ್ತವೆ, ಬಾಯಿಮಾತು ಸಭಾಂಗಣದಲ್ಲೇ ಉಳಿದುಬಿಡುತ್ತದೆ. ಪ್ರೆಸ್ ನೋಟ್ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ.

ಈ ಕೆಲಸವನ್ನು ಚೆನ್ನಾಗಿ ಮಾಡಿದ ಒಂದು ಉದಾಹರಣೆ ನನ್ನ ಮನಸ್ಸಿನಲ್ಲಿ ನಿಂತಿದೆ. 2020ರ ಜೂನ್ 16ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ‘ರಿಕವರಿ’ ಪ್ರಯೋಗದ ತಂಡ ಒಂದು ಪ್ರಕಟಣೆ ಹೊರಡಿಸಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ದಾಖಲಾಗಿದ್ದ 2,104 ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂನಂತೆ ಹತ್ತು ದಿನ ಕೊಟ್ಟಿದ್ದರು. ಇನ್ನೂ 4,321 ರೋಗಿಗಳಿಗೆ ಎಂದಿನ ಆರೈಕೆ ಮಾತ್ರ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ತೀರ್ಮಾನಿಸಲಾಗಿತ್ತು. 28 ದಿನಗಳಲ್ಲಿ ಎಷ್ಟು ಜನ ತೀರಿಕೊಂಡರು ಎಂಬುದೇ ಅಳತೆ.

ಈ ಫಲಿತಾಂಶ ಸ್ಲೈಡುಗಳ ರೂಪದಲ್ಲಿ ನಮ್ಮ ಮೇಜಿಗೆ ಬಂದಿದೆ ಎಂದುಕೊಳ್ಳೋಣ. ಹಿನ್ನೆಲೆ, ವಿಧಾನ, ಆಮೇಲೆ ಫಲಿತಾಂಶ, ಇದು ಸ್ಲೈಡುಗಳ ಕ್ರಮ. ಪ್ರಕಟಣೆಯಲ್ಲಿ ಫಲಿತಾಂಶ ಮೊದಲು ಬರಬೇಕು ಎಂಬುದು ಎಲ್ಲರಿಗೂ ಗೊತ್ತು, ಹಾಗಾಗಿ ಎಲ್ಲರೂ ನೇರ ಫಲಿತಾಂಶದ ಸ್ಲೈಡಿಗೆ ಹಾರುತ್ತಾರೆ. ನಾನಾದರೆ ಮೊದಲು ವಿಧಾನದ ಸ್ಲೈಡನ್ನೇ ತೆರೆಯುತ್ತೇನೆ. ಯಾರ ಮೇಲೆ ಪ್ರಯೋಗ ಆಯಿತು, ಯಾರೊಂದಿಗೆ ಹೋಲಿಸಿದರು, ಎಷ್ಟು ದಿನ ನೋಡಿದರು ಎಂಬ ಮೂರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡ ಮೇಲೆಯೇ ಫಲಿತಾಂಶದ ಅಂಕಿಗಳನ್ನು ನೋಡಬೇಕು. ಆಗ ಪ್ರತಿ ಅಂಕಿಯೂ ತನ್ನ ಗುಂಪಿನೊಂದಿಗೇ ನಮ್ಮ ಕಣ್ಣಿಗೆ ಬೀಳುತ್ತದೆ.

ರಿಕವರಿಯಲ್ಲಿ ಇದು ಎಷ್ಟು ಮುಖ್ಯವಾಗಿತ್ತು ನೋಡಿ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ ಐದನೇ ಒಂದು ಭಾಗದಷ್ಟು. ಉಸಿರಾಟಕ್ಕೆ ಯಾವ ನೆರವೂ ಬೇಕಿಲ್ಲದೆ ಆಸ್ಪತ್ರೆಯಲ್ಲಿದ್ದವರಲ್ಲಿ ಪ್ರಯೋಜನವೇ ಕಾಣಲಿಲ್ಲ. ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದರೆ ಇಳಿಕೆ ಶೇ 17. ಒಂದೇ ಔಷಧ, ಒಂದೇ ಪ್ರಯೋಗ, ಆದರೆ ಉತ್ತರ ನಾಲ್ಕು. ಇದರಲ್ಲಿ ಯಾವುದನ್ನು ಶೀರ್ಷಿಕೆಗೆ ಏರಿಸುವುದು?

ಆಕ್ಸ್‌ಫರ್ಡ್ ತಂಡ ಇಂಗ್ಲಿಷಿನಲ್ಲಿ ಕೊಟ್ಟ ಶೀರ್ಷಿಕೆಯ ಸಾರ ಹೀಗಿತ್ತು: ಕೋವಿಡ್‌ನಿಂದ ತೀವ್ರ ಉಸಿರಾಟದ ತೊಂದರೆಗೊಳಗಾಗಿ ಆಸ್ಪತ್ರೆ ಸೇರಿದವರಲ್ಲಿ ಕಡಿಮೆ ಬೆಲೆಯ ಡೆಕ್ಸಾಮೆಥಾಸೋನ್ ಸಾವನ್ನು ಮೂರನೇ ಒಂದು ಭಾಗದವರೆಗೆ ತಗ್ಗಿಸುತ್ತದೆ. ಶೀರ್ಷಿಕೆಯ ಮಟ್ಟಿಗೆ ಉದ್ದವೇ. ಆದರೆ ಆಸ್ಪತ್ರೆ, ತೀವ್ರ ತೊಂದರೆ ಎಂಬ ಎರಡು ಷರತ್ತುಗಳನ್ನು ಅವರು ಬಿಡಲಿಲ್ಲ. ಅವನ್ನು ತೆಗೆದುಬಿಟ್ಟರೆ ಉಳಿಯುವುದು ‘ಕೋವಿಡ್‌ಗೆ ಅಗ್ಗದ ಔಷಧ’ ಎಂಬ ಮಾತು. ಅದನ್ನು ಓದಿದವರು ನೇರ ಔಷಧಿ ಅಂಗಡಿಗೆ ನಡೆದರೆ ತಪ್ಪು ಅವರದಲ್ಲ. ಮೂರನೇ ಒಂದು ಭಾಗ ಎಂಬ ಅಂಕಿಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಅದು ಮೂರು ಗುಂಪುಗಳಲ್ಲೇ ಚಿಕ್ಕದರ, ಅಂದರೆ ವೆಂಟಿಲೇಟರ್ ಮೇಲಿದ್ದವರ ಅಂಕಿ. ಅತಿ ದೊಡ್ಡ ಅಂಕಿಯನ್ನು ಎತ್ತಿ ಮೇಲೆ ಕೂರಿಸಿದರೆ ಅದೇ ಎಲ್ಲರ ಅಂಕಿಯಾಗಿ ಓಡಾಡತೊಡಗುತ್ತದೆ. ಕನ್ನಡದಲ್ಲಿ ನಾನು ಬರೆಯುವುದಾದರೆ ಶೀರ್ಷಿಕೆಯಲ್ಲಿ ಅಂಕಿಯನ್ನೇ ಇಡುವುದಿಲ್ಲ: ‘ಕೋವಿಡ್: ಆಮ್ಲಜನಕ ಬೇಕಾದ ರೋಗಿಗಳ ಸಾವು ತಗ್ಗಿಸಿದ ಅಗ್ಗದ ಡೆಕ್ಸಾಮೆಥಾಸೋನ್’. ಯಾರಿಗೆ ಎಂಬುದು ಮೊದಲೇ ಬಂದುಬಿಡುತ್ತದೆ. ಡೆಸ್ಕ್‌ನಲ್ಲಿರುವವರು ಜಾಗವಿಲ್ಲವೆಂದು ಕತ್ತರಿಸಿದರೂ ‘ಅಗ್ಗದ’ ಎಂಬುದು ಹೋದೀತು, ರೋಗಿ ಉಳಿಯುತ್ತಾನೆ.

ಅಂಕಿಗಳ ಜಾಗ ಮೊದಲ ಪ್ಯಾರಾ. ‘ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವು ಡೆಕ್ಸಾಮೆಥಾಸೋನ್‌ನಿಂದ ಮೂರನೇ ಒಂದು ಭಾಗದಷ್ಟು, ಆಮ್ಲಜನಕ ಮಾತ್ರ ಪಡೆಯುತ್ತಿದ್ದವರ ಸಾವು ಐದನೇ ಒಂದು ಭಾಗದಷ್ಟು ಕಡಿಮೆಯಾಗಿದೆ. ಉಸಿರಾಟಕ್ಕೆ ನೆರವು ಬೇಕಿಲ್ಲದವರಲ್ಲಿ ಪ್ರಯೋಜನ ಕಂಡಿಲ್ಲ.’ ಇಷ್ಟೇ ಸಾಕು. ಮೂರನೆಯ ಗುಂಪಿನ ವಾಕ್ಯವನ್ನು ಹಿಂದಕ್ಕೆ ತಳ್ಳಬೇಕೆಂದು ಯೋಜನೆಯವರು ಕೇಳಬಹುದು. ಒಳ್ಳೆಯ ಸುದ್ದಿಯ ನಡುವೆ ಇದೇಕೆ ಎನ್ನಬಹುದು. ಒಪ್ಪಬಾರದು. ಪತ್ರಿಕೆಯಲ್ಲಿ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಐದನೇ ಪ್ಯಾರಾದಲ್ಲಿಟ್ಟ ಎಚ್ಚರಿಕೆ ಅಚ್ಚಾಗುವುದೇ ಇಲ್ಲ. ಆಕ್ಸ್‌ಫರ್ಡ್‌ನವರು ಆ ವಾಕ್ಯವನ್ನು ಉಳಿದೆರಡು ಅಂಕಿಗಳ ಬೆನ್ನಿಗೇ ಇಟ್ಟಿದ್ದರು.

ಇನ್ನು ಮುಖ್ಯಾಂಶಗಳು. ಸ್ಲೈಡಿನಲ್ಲಿ 0.65 ಎಂಬಂಥ ಅನುಪಾತವೂ, ಅದರ ಆಚೀಚೆ ಅನಿಶ್ಚಿತತೆಯ ಮಿತಿಗಳೂ ಇರುತ್ತವೆ. ಅದನ್ನು ‘ಸುಮಾರು ಮೂರನೇ ಒಂದು ಭಾಗ ಕಡಿಮೆ’ ಎಂದು ಬಿಡಿಸಿ ಹೇಳುವುದು ಅರ್ಧ ಕೆಲಸ ಮಾತ್ರ. ಎಷ್ಟರಲ್ಲಿ ಮೂರನೇ ಒಂದು? ಮೂಲ ಸಂಖ್ಯೆ ತಿಳಿಯದಿದ್ದರೆ ಈ ಮಾತಿಗೆ ತೂಕವಿಲ್ಲ. ರಿಕವರಿಯ ಪ್ರಕಟಣೆ ಅದನ್ನೂ ಕೊಟ್ಟಿತ್ತು. ಎಂದಿನ ಆರೈಕೆ ಪಡೆದವರಲ್ಲಿ, ವೆಂಟಿಲೇಟರ್ ಬೇಕಾದ ನೂರು ಜನರಲ್ಲಿ 41, ಆಮ್ಲಜನಕ ಮಾತ್ರ ಬೇಕಾದ ನೂರರಲ್ಲಿ 25, ಯಾವುದೂ ಬೇಡವಾದ ನೂರರಲ್ಲಿ 13 ಮಂದಿ 28 ದಿನಗಳಲ್ಲಿ ತೀರಿಕೊಂಡಿದ್ದರು. ಅದಕ್ಕಿಂತ ಬೆಲೆಬಾಳುವ ಇನ್ನೊಂದು ಸಾಲೂ ಅಲ್ಲಿತ್ತು: ವೆಂಟಿಲೇಟರ್ ಮೇಲಿರುವ ಸುಮಾರು ಎಂಟು ಮಂದಿಗೆ, ಅಥವಾ ಆಮ್ಲಜನಕ ಮಾತ್ರ ಪಡೆಯುತ್ತಿರುವ ಸುಮಾರು 25 ಮಂದಿಗೆ ಈ ಚಿಕಿತ್ಸೆ ಕೊಟ್ಟರೆ ಒಂದು ಸಾವು ತಪ್ಪುತ್ತದೆ. ಜಿಲ್ಲಾ ಆಸ್ಪತ್ರೆಯ ವೈದ್ಯರಿಗೂ, ಊರಿನ ಓದುಗರಿಗೂ ಒಂದೇ ಸಲಕ್ಕೆ ಅರ್ಥವಾಗುವ ಸಾಲು ಇದು. ಇಂಥ ಸಾಲು ಪಿಪಿಟಿಯಲ್ಲಿ ಸಿದ್ಧವಾಗಿ ಸಿಗುವುದು ಅಪರೂಪ. ಯೋಜನೆಯ ಸಂಖ್ಯಾಶಾಸ್ತ್ರಜ್ಞರನ್ನು ಕೇಳಿ, ಅವರಿಂದಲೇ ಲೆಕ್ಕ ಹಾಕಿಸಿಕೊಂಡು ತರಬೇಕು. ನಾವೇ ಭಾಗಾಕಾರ ಮಾಡಲು ಹೋದರೆ ವಯಸ್ಸಿನ ಹೊಂದಾಣಿಕೆಯಂಥ ಸಂಗತಿಗಳು ಬಿಟ್ಟುಹೋಗಿ ತಪ್ಪು ಅಂಕಿ ಬರುತ್ತದೆ.

ಉಲ್ಲೇಖಿಸಬಹುದಾದ ಮಾತಂತೂ ಪಿಪಿಟಿಯಲ್ಲಿ ಇರುವುದೇ ಇಲ್ಲ. ಹಾಗಾಗಿಯೇ ಬಹಳ ಕಚೇರಿಗಳಲ್ಲಿ ಪ್ರೆಸ್ ನೋಟ್ ಬರೆಯುವವರು ‘ಈ ಸಾಧನೆಯ ಬಗ್ಗೆ ನಿರ್ದೇಶಕರು ಹರ್ಷ ವ್ಯಕ್ತಪಡಿಸಿದ್ದಾರೆ’ ಎಂದು ತಾವೇ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಉಪಸಂಪಾದಕರು ಮೊದಲು ಹೊಡೆದುಹಾಕುವುದು ಅದೇ ಸಾಲನ್ನು. ಕೆಲಸ ಮಾಡಿದವರ ಹತ್ತಿರ ಹೋಗಿ, ‘ಸರ್, ಇದರಿಂದ ನಾಳೆ ಏನು ಬದಲಾಗುತ್ತದೆ?’ ಎಂದು ಕೇಳಿ, ಅವರು ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡು, ಅದರಲ್ಲಿ ಒಂದೆರಡು ವಾಕ್ಯ ಆರಿಸಿ, ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯುವುದು ಸರಿಯಾದ ದಾರಿ. ರಿಕವರಿಯ ಮುಖ್ಯ ಸಂಶೋಧಕರಲ್ಲಿ ಒಬ್ಬರಾದ ಪೀಟರ್ ಹಾರ್ಬಿ ಅವರ ಮಾತು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಈ ಔಷಧ ಅಗ್ಗ, ಈಗಾಗಲೇ ಕಪಾಟಿನಲ್ಲಿದೆ, ಪ್ರಾಣ ಉಳಿಸಲು ಇವತ್ತೇ ಬಳಸಬಹುದು ಎಂಬುದು ಅದರ ತಿರುಳು. ಇದರಲ್ಲಿ ಅಂಕಿಯಿಲ್ಲ. ಅಂಕಿಗಳು ಹೇಳಲಾಗದ್ದನ್ನು, ಅಂದರೆ ಒಂದು ಬಡ ದೇಶದ ಆಸ್ಪತ್ರೆಗೂ ಇದು ಎಟುಕುತ್ತದೆ ಎಂಬುದನ್ನು, ಅದು ಹೇಳಿತು. ಆಮ್ಲಜನಕ ಬೇಕಾಗುವಷ್ಟು ಕಾಯಿಲೆ ಬಿದ್ದವರಲ್ಲಿ ಲಾಭ ಸ್ಪಷ್ಟವಾಗಿದೆ ಎಂಬ ಷರತ್ತನ್ನೂ ಅವರು ಅದೇ ಉಲ್ಲೇಖದೊಳಗೆ ಹೇಳಿದ್ದರು. ಆದರೆ ಅದು ಬೇರೆ ವಾಕ್ಯದಲ್ಲಿತ್ತು. ಒಬ್ಬರ ಮಾತನ್ನು ಪತ್ರಿಕೆಗಳು ವಾಕ್ಯ ವಾಕ್ಯವಾಗಿ ಬಿಡಿಸಿಕೊಳ್ಳುತ್ತವೆ, ಟಿವಿಯ ಕೆಳಪಟ್ಟಿಯಲ್ಲಿ ಒಂದೇ ವಾಕ್ಯ ಓಡುತ್ತದೆ. ಆದ್ದರಿಂದ ಉಲ್ಲೇಖದ ಪ್ರತಿ ವಾಕ್ಯವನ್ನೂ ಒಂಟಿಯಾಗಿ ನಿಲ್ಲಿಸಿ ಓದಬೇಕು, ಹಾಗೆ ಓದಿದಾಗಲೂ ಅದು ನಿಜವೇ ಎಂದು ನೋಡಬೇಕು.

ನಮ್ಮಲ್ಲಿ ಆ ವಾಕ್ಯಗಳು ಬೇರೆಯಾದರೆ ಏನಾಗುತ್ತದೆ ಎಂಬುದು 2021ರ ಎರಡನೇ ಅಲೆಯಲ್ಲಿ ಕಂಡಿತು. ಮನೆಯಲ್ಲೇ ಇದ್ದ, ಆಮ್ಲಜನಕ ಬೇಕಿಲ್ಲದ ಎಷ್ಟೋ ಮಂದಿ ಜ್ವರ ಬಂದ ಮೊದಲ ದಿನಗಳಲ್ಲೇ ಸ್ಟೀರಾಯ್ಡ್ ನುಂಗಿದರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಇಂಥ ಅತಿಬಳಕೆ ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡುತ್ತದೆ ಎಂದು ವೈದ್ಯರು ಮತ್ತೆ ಮತ್ತೆ ಎಚ್ಚರಿಸಿದರು. ಆ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸುವಂತೆ ರಾಜ್ಯಗಳಿಗೆ ಹೇಳಬೇಕಾಯಿತು. ಇದಕ್ಕೆ ಆಕ್ಸ್‌ಫರ್ಡ್‌ನ ಪ್ರಕಟಣೆಯನ್ನು ದೂರುವಂತಿಲ್ಲ. ಅದು ಸ್ಪಷ್ಟವಾಗಿಯೇ ಬರೆದಿತ್ತು. ‘ಸ್ಟೀರಾಯ್ಡ್ ಕೋವಿಡ್‌ಗೆ ಒಳ್ಳೆಯದು’ ಎಂಬಷ್ಟು ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವಾಗ ಮೂಲ ಬರಹದ ಕೈ ಅಷ್ಟು ದೂರ ಚಾಚುವುದಿಲ್ಲ. ಪ್ರಕಟಣೆ ಹೊರಡುವ ಮುನ್ನ ಮಾಡಬಹುದಾದ ಒಂದು ಪರೀಕ್ಷೆಯಂತೂ ಇದೆ. ಪಿಪಿಟಿ ನೋಡಿಯೇ ಇರದ ಒಬ್ಬರಿಗೆ ಶೀರ್ಷಿಕೆ ಮತ್ತು ಮೊದಲ ಪ್ಯಾರಾವನ್ನು ಮಾತ್ರ ಓದಲು ಕೊಟ್ಟು, ‘ಇದು ಯಾರಿಗೆ?’ ಎಂದು ಕೇಳಿ. ‘ಕೋವಿಡ್ ಬಂದವರಿಗೆ’ ಎಂಬ ಉತ್ತರ ಬಂದರೆ ಮತ್ತೆ ಬರೆಯಬೇಕು.

ದಿನಾಂಕದ ಬಗ್ಗೆಯೂ ಹೇಳಬೇಕು. 2020ರ ಜೂನ್ 16ರ ಅಂಕಿಗಳು ಪ್ರಾಥಮಿಕವಾಗಿದ್ದವು, ಪೂರ್ಣ ಪ್ರಬಂಧ ಇನ್ನೂ ಬಂದಿರಲಿಲ್ಲ. ಜುಲೈ 17ರಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ವರದಿ ಬಂದಾಗ ಆಮ್ಲಜನಕದ ಗುಂಪಿನ ಇಳಿಕೆ ಶೇ 20ರಿಂದ 18ಕ್ಕೆ ಬಂದಿತ್ತು. ನೆರವು ಬೇಕಿಲ್ಲದ ಗುಂಪಿನಲ್ಲಿ ಔಷಧ ಪಡೆದವರ ಸಾವು ಶೇ 17.8, ಪಡೆಯದವರದು ಶೇ 14. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಹಾನಿಯ ಸುಳಿವೂ ಇರಬಹುದು, ಖಚಿತವಾಗಿ ಹೇಳುವಂತಿರಲಿಲ್ಲ. ಸೆಪ್ಟೆಂಬರ್ 2ರಂದು ವಿಶ್ವ ಆರೋಗ್ಯ ಸಂಸ್ಥೆ ತೀವ್ರವಲ್ಲದ ಕೋವಿಡ್‌ಗೆ ಸ್ಟೀರಾಯ್ಡ್ ಬೇಡವೆಂದು ಸಲಹೆ ಕೊಟ್ಟಿತು. ಹಾಗಾಗಿ ಪ್ರಕಟಣೆಯ ತಲೆಯಲ್ಲಿ ದಿನಾಂಕ, ಮೊದಲೆರಡು ಪ್ಯಾರಾಗಳೊಳಗೆ ‘ಪ್ರಾಥಮಿಕ ಫಲಿತಾಂಶ’ ಎಂಬ ಮಾತು, ಪೂರ್ಣ ವರದಿ ಎಲ್ಲಿ ಬರಲಿದೆ ಎಂಬ ಮಾಹಿತಿ ಇರಲಿ. ಕೊನೆಯಲ್ಲಿ ಕೊಡುವ ದೂರವಾಣಿ ಸಂಖ್ಯೆ ಕಚೇರಿಯದ್ದಾಗದೆ, ಪುಟ ಕಟ್ಟುವ ಹೊತ್ತಿನಲ್ಲಿ, ರಾತ್ರಿ ಎಂಟರ ನಂತರವೂ ಫೋನ್ ಎತ್ತಿ ಅಂಕಿಯೊಂದನ್ನು ಖಚಿತಪಡಿಸಬಲ್ಲವರದ್ದಾಗಿರಲಿ.