ಈ ಬೆಲೆಗೆ ಆಗಲ್ಲ

ಕ್ರಿ.ಪೂ. 44ರಲ್ಲಿ ಸಿಸೆರೊ ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗಾಗಿ ಕರ್ತವ್ಯಗಳ ಕುರಿತು ಒಂದು ಪುಸ್ತಕ ಬರೆದ. ಅದರ ಮೂರನೆಯ ಭಾಗದಲ್ಲಿ ಮನೆ, ಜಮೀನು ಮಾರುವವರ ವಿಚಾರ ಬರುತ್ತದೆ. ಮಾರುವವನು ಬೆಲೆ ಏರಿಸಲು ಸುಳ್ಳು ಗಿರಾಕಿಯನ್ನು ತಂದು ನಿಲ್ಲಿಸಬಾರದು, ಕೊಳ್ಳುವವನು ಬೆಲೆ ಇಳಿಸಲು ತನ್ನ ಕಡೆಯವನನ್ನು ಕಳಿಸಬಾರದು, ಬೆಲೆ ಹೇಳುವ ಹೊತ್ತು ಬಂದಾಗ ಇಬ್ಬರೂ ಒಂದೇ ಒಂದು ಸಲ ಹೇಳಬೇಕು ಎನ್ನುತ್ತಾನೆ. ಉದಾಹರಣೆಗೆ ಸ್ಕೀವೋಲನ ಕಥೆ ಕೊಡುತ್ತಾನೆ. ಜಮೀನು ಕೊಳ್ಳಲು ಹೋದ ಸ್ಕೀವೋಲ ಒಂದೇ ಮಾತಿನಲ್ಲಿ ಬೆಲೆ ಹೇಳು ಎಂದು ಕೇಳಿದ. ಮಾರುವವನು ಹೇಳಿದ. ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಸ್ಕೀವೋಲ ಒಂದು ಲಕ್ಷ ಸೆಸ್ಟರ್ಸ್ ಸೇರಿಸಿ ಕೊಟ್ಟ.

ಈ ಕಥೆ ಓದಿದಾಗ ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು. ಬೆಲೆಯನ್ನು ಎರಡು ಸಲ ಹೇಳಿದರೆ ಮೊದಲನೆಯದು ಸುಳ್ಳಾಗುತ್ತದೆ ಎಂಬುದು ಸಿಸೆರೊನ ಒಳಗಿನ ತರ್ಕ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕ್ವೇಕರ್ ವ್ಯಾಪಾರಿಗಳೂ ಇದೇ ಕಾರಣಕ್ಕೆ ಚೌಕಾಸಿ ಬಿಟ್ಟು ಒಂದೇ ಬೆಲೆ ಹೇಳತೊಡಗಿದರು. ಆದರೆ ಮನೆಯೆಂದರೆ ಅಂಗಡಿಯ ಸಕ್ಕರೆಯಲ್ಲ. ಅಂಥದ್ದೇ ಇನ್ನೊಂದು ಇರುವುದಿಲ್ಲ, ಅದಕ್ಕೆ ಎಂಆರ್‌ಪಿಯೂ ಇಲ್ಲ. ಅದರ ಬೆಲೆ ಎಷ್ಟೆಂದು ಮಾರುವವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಹಾಗಿರುವಾಗ ಬಂದ ಮೊದಲ ಬೆಲೆಗೆ ‘ಆಗಲ್ಲ’ ಎನ್ನುತ್ತಲೇ ಬಾಗಿಲು ತೆರೆದಿಡುವುದು ಮೋಸವೇ?

ನನ್ನ ಸೋದರತ್ತೆ ಕಳೆದ ವರ್ಷ ಮೈಸೂರಿನ ತಮ್ಮ ಮನೆ ಮಾರಿದಾಗ ಈ ಪ್ರಶ್ನೆ ಪುಸ್ತಕದಿಂದ ಜಗಲಿಗೆ ಬಂತು. ಮೂವತ್ತು ನಲವತ್ತರ ಸೈಟು, ಇಪ್ಪತ್ತೆಂಟು ವರ್ಷದ ಮನೆ. ಅತ್ತೆ ನಿವೃತ್ತ ಶಿಕ್ಷಕಿ. ಮಂಡಿನೋವಿನಿಂದ ಮಹಡಿ ಹತ್ತಲಾರದೆ ಮಗಳ ಊರಿಗೆ ಹೋಗುವವರಿದ್ದರು. ಹೇಳಿದ ಬೆಲೆ 1 ಕೋಟಿ 30 ಲಕ್ಷ. 1 ಕೋಟಿ 18 ಲಕ್ಷಕ್ಕಿಂತ ಕೆಳಗೆ ಕೊಡುವುದಿಲ್ಲ ಎಂದು ಮಗಳೊಂದಿಗೆ ಕೂತು ಡೈರಿಯಲ್ಲಿ ಬರೆದಿಟ್ಟಿದ್ದರು. ಮೊದಲು ಬಂದವರು ಗಂಡ ಹೆಂಡತಿ, ಇಬ್ಬರೂ ಕೆಲಸದಲ್ಲಿರುವವರು. ಮನೆಯನ್ನು ಎರಡು ಸಲ ನೋಡಿ 1 ಕೋಟಿ 5 ಲಕ್ಷ ಎಂದರು.

ಅತ್ತೆ ಅಂದು ಏನೂ ಹೇಳಲಿಲ್ಲ, ಎರಡು ದಿನ ಕೊಡಿ ಎಂದರು. ಆ ಎರಡು ದಿನದಲ್ಲಿ ಮಾಡಿದ್ದು ಒಂದೇ ಕೆಲಸ: ಅವರು ಹೇಳಿದ ಬೆಲೆಯನ್ನು ಬಿಡಿಸಿ ನೋಡಿದ್ದು. ಅದೇ ರಸ್ತೆಯಲ್ಲಿ ಇತ್ತೀಚೆಗೆ ಖಾಲಿ ಸೈಟೊಂದು ಚದರಡಿಗೆ 9,000 ರೂಪಾಯಿಗೆ ಹೋಗಿತ್ತು. ಆ ಲೆಕ್ಕದಲ್ಲಿ 1,200 ಚದರಡಿಗೆ 1 ಕೋಟಿ 8 ಲಕ್ಷ. ಅಂದರೆ ಬಂದ ಬೆಲೆ ನೆಲಕ್ಕೇ ಮೂರು ಲಕ್ಷ ಕಡಿಮೆ, ಮೇಲಿನ ಕಟ್ಟಡಕ್ಕೆ ಸೊನ್ನೆ. ‘ಆಗಲ್ಲ’ ಎನ್ನಲು ಅವರಿಗೆ ಕಾರಣ ಸಿಕ್ಕಿತು, ಆ ಕಾರಣವನ್ನು ಎದುರಿಗಿದ್ದವರಿಗೂ ತೋರಿಸಬಹುದಾಗಿತ್ತು.

ಬ್ರೋಕರ್‌ಗೆ ಇಷ್ಟು ಸಾಕಾಗಲಿಲ್ಲ. “ಇನ್ನೊಬ್ಬರು 1.22ಕ್ಕೆ ಕೇಳಿದಾರೆ ಅಂದ್ಬಿಡಿ ಮೇಡಂ, ನಾಳೆನೇ ಓಡಿ ಬರ್ತಾರೆ” ಎಂದ. ಸಿಸೆರೊ ಬೇಡವೆಂದ ಸುಳ್ಳು ಗಿರಾಕಿ ಇವನೇ! ಎರಡು ಸಾವಿರ ವರ್ಷವಾದರೂ ಅವನಿಗಿನ್ನೂ ಕೆಲಸ ಸಿಗುತ್ತಿದೆ. ಅತ್ತೆ ಒಪ್ಪಲಿಲ್ಲ. ನೀತಿಯ ಮಾತು ಹಾಗಿರಲಿ, ಅವರ ಭಯ ವ್ಯಾವಹಾರಿಕವಾಗಿತ್ತು. “ಹಾಗಾದ್ರೆ ಅವರಿಗೇ ಕೊಡಿ ಅಂತ ಅವರಂದ್ರೆ ಏನ್ ಮಾಡ್ತೀಯ?”

ಗಂಡ ಹೆಂಡತಿ ಮತ್ತೆ ಬಂದಾಗ ಅತ್ತೆ ಹೇಳಿದ್ದು ಇಷ್ಟು: “ನೀವು ಮನೆ ಇಷ್ಟಪಟ್ಟಿದ್ದು ನನಗೆ ಸಂತೋಷ. ಆದ್ರೆ ಒಂದು ಕೋಟಿ ಐದಕ್ಕೆ ಆಗಲ್ಲ, ಬರೀ ಸೈಟಿಗೇ ಅದಕ್ಕಿಂತ ಜಾಸ್ತಿ ಇದೆ. ಹಿಂದಿನ ರೂಮಿನ ತಾರಸಿ ಮಳೇಲಿ ಸೋರುತ್ತೆ, ವೈರಿಂಗ್ ಹಳೇದು. ರಿಪೇರಿಗೆ ಐದು ಲಕ್ಷ ಅಂದಿದಾರೆ, ಅದನ್ನ ಬಿಡ್ತೀನಿ. 1.25. ಮುಂದಿನ ಭಾನುವಾರದೊಳಗೆ ಹೇಳಿ.”

ಬಂದವರು ನೋಡಿದ್ದು ಬೇಸಿಗೆಯಲ್ಲಿ. ತಾರಸಿ ಸೋರುವುದು ಅವರಿಗೆ ತಿಳಿಯುವ ದಾರಿಯಿರಲಿಲ್ಲ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಕಾಣದಂಥ ಮುಖ್ಯ ದೋಷ ಗೊತ್ತಿದ್ದರೆ ಮಾರುವವರು ಹೇಳಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮೂ ಹೇಳುತ್ತದೆ. ನನಗೆ ಮುಖ್ಯವೆನಿಸಿದ್ದು ಬೇರೆ. ಅತ್ತೆ ಇಳಿದ ಐದು ಲಕ್ಷಕ್ಕೆ ಒಂದು ಹೆಸರಿತ್ತು. ಯಾವ ಕಾರಣವೂ ಇಲ್ಲದೆ 1.30ರಿಂದ 1.25ಕ್ಕೆ ಇಳಿದಿದ್ದರೆ ಮೊದಲ ಬೆಲೆ ಬರೀ ಬಾಯಿಮಾತಾಗಿತ್ತು ಎಂದು ತಾವೇ ಒಪ್ಪಿಕೊಂಡಂತೆ ಆಗುತ್ತಿತ್ತು. ಆಮೇಲೆ 1.25 ಕೂಡ ಹಾಗೆಯೇ ಇರಬೇಕೆಂದು ಎದುರಿನವರು ಕಾಯುತ್ತ ಕೂರುತ್ತಿದ್ದರು. ಎರಡನೆಯ ಬೆಲೆ ಮೊದಲನೆಯದನ್ನು ಸುಳ್ಳಾಗಿಸುತ್ತದೆ ಎಂಬ ಸಿಸೆರೊನ ಆಕ್ಷೇಪ ನಿಜವಾಗಿ ತಗಲುವುದು ಕಾರಣವಿಲ್ಲದ ಇಳಿಕೆಗೆ.

“ನಿಮ್ಮ ಕೊನೇ ರೇಟ್ ಹೇಳ್ಬಿಡಿ ಆಂಟಿ” ಎಂದು ಆಕೆ ಕೇಳಿದಳು. ಅತ್ತೆ, “ಅದನ್ನ ನಾನು ಹೇಳಲ್ಲಮ್ಮ, ನೀನೂ ನಿನ್ನದನ್ನ ಹೇಳ್ಬೇಡ” ಎಂದರು. ಡೈರಿಯಲ್ಲಿದ್ದ 1.18 ಹೊರಗೆ ಬರಲಿಲ್ಲ, 1.25ನ್ನೇ ಕೊನೆಯ ಬೆಲೆ ಎಂದೂ ಅವರು ಹೇಳಲಿಲ್ಲ. ಬಚ್ಚಿಡುವುದು ಸುಳ್ಳಲ್ಲ. ಬಚ್ಚಿಟ್ಟಿದ್ದೇನೆ ಎಂದು ಎದುರಿಗೇ ಹೇಳಿ ಬಚ್ಚಿಟ್ಟರಂತೂ ಅದರಲ್ಲಿ ಮೋಸ ಹುಡುಕುವುದು ಕಷ್ಟ. ‘ಇದೇ ಕೊನೆ’ ಎಂಬ ಮಾತಿನ ಕಥೆಯೇ ಬೇರೆ. ಅದು ಎದುರಿನವರು ತಮ್ಮ ಬದುಕಿನ ಲೆಕ್ಕ ಹಾಕಲು ಬಳಸುವ ಸಂಗತಿ. ಅದನ್ನು ನಂಬಿ ಅವರು ಬೇರೆ ಮನೆಗೆ ಅಡ್ವಾನ್ಸ್ ಕೊಟ್ಟುಬಿಡಬಹುದು.

ಹೀಗೆ ‘ಆಗಲ್ಲ’ ಎಂದವರು ಕಳೆದುಕೊಳ್ಳುವುದೂ ಇದೆ. 1840ರ ಹೈಡ್ ಮತ್ತು ರೆಂಚ್ ಪ್ರಕರಣ ಕಾನೂನು ವಿದ್ಯಾರ್ಥಿಗಳೆಲ್ಲ ಓದುವಂಥದ್ದು. ರೆಂಚ್ ತನ್ನ ಜಮೀನನ್ನು 1,000 ಪೌಂಡಿಗೆ ಕೊಡುತ್ತೇನೆಂದ, ಹೈಡ್ 950 ಕೊಡುತ್ತೇನೆಂದ. ರೆಂಚ್ ಒಪ್ಪಲಿಲ್ಲ. ಆಗ ಹೈಡ್, ಸರಿ, 1,000ಕ್ಕೇ ತಗೊಳ್ತೀನಿ ಎಂದ. ಆಗುವುದಿಲ್ಲ ಎಂದಿತು ನ್ಯಾಯಾಲಯ. 950 ಎಂದ ಕ್ಷಣವೇ 1,000ದ ಮಾತು ಸತ್ತುಹೋಗಿತ್ತು. ಮಾರುವವರ ಕಡೆಯಿಂದಲೂ ಅಷ್ಟೇ. ಅತ್ತೆ 1.25 ಎಂದ ಮೇಲೆ 1.05 ಅವರ ಸೆರಗಿನ ಗಂಟಿನಲ್ಲಿ ಉಳಿದಿರಲಿಲ್ಲ. ಅದಕ್ಕೆ ಮರಳಬೇಕಾದರೆ ಆ ಗಂಡ ಹೆಂಡತಿಯೇ ಮತ್ತೆ ಒಪ್ಪಬೇಕು. ‘ಆಗಲ್ಲ’ ಎಂಬುದನ್ನು ಬರೀ ನಟನೆಯಿಂದ ಬೇರೆ ಮಾಡುವುದು ಇದೇ ಎಂದು ನನಗೆ ಅನಿಸುತ್ತದೆ. ಅವರು ಎದ್ದು ಹೋದರೂ ಪರವಾಗಿಲ್ಲ ಎಂಬ ಸಿದ್ಧತೆ ಇದ್ದವರ ‘ಆಗಲ್ಲ’ ನಿಜ. ಡೈರಿಯಲ್ಲಿ 1.18 ಇದ್ದುದರಿಂದ ಅತ್ತೆಯದು ನಿಜವಾಗಿತ್ತು. ಡೈರಿಯಲ್ಲಿ ಒಂದು ಕೋಟಿ ಎಂದಿದ್ದರೆ ಅದೇ ಮಾತು, ಅದೇ ದನಿ ಸುಳ್ಳಾಗುತ್ತಿತ್ತು.

ಭಾನುವಾರ ಫೋನ್ ಬಂತು. ಅವರು 1.12ಕ್ಕೆ ಏರಿದ್ದರು, ಬ್ಯಾಂಕ್ ಸಾಲಕ್ಕೆ ನಾಲ್ಕು ತಿಂಗಳು ಬೇಕೆಂದರು. ಅತ್ತೆಗೆ ಹಣಕ್ಕಿಂತ ಕಾಲ ಮುಖ್ಯವಾಗಿತ್ತು, ಮಳೆಗಾಲದೊಳಗೆ ಹೋಗಬೇಕಿತ್ತು. ಹತ್ತು ಲಕ್ಷ ಅಡ್ವಾನ್ಸ್ ಕೊಟ್ಟು ಅರವತ್ತು ದಿನದಲ್ಲಿ ರಿಜಿಸ್ಟ್ರೇಷನ್ ಮುಗಿಸಿದರೆ 1.21 ಎಂದರು. ಈ ನಾಲ್ಕು ಲಕ್ಷಕ್ಕೂ ಹೆಸರಿತ್ತು: ಎರಡು ತಿಂಗಳು. ಅವರು ಬ್ಯಾಂಕಿಗೆ ಹೋಗಿ ವಿಚಾರಿಸಿ ಬಂದು 1.19 ಎಂದರು. ಕೊನೆಗೆ 1.20ಕ್ಕೆ ಅಗ್ರಿಮೆಂಟ್ ಆಯಿತು.

ಆ ಕೊನೆಯ ಒಂದು ಲಕ್ಷಕ್ಕೆ ಮಾತ್ರ ಯಾವ ಹೆಸರೂ ಇಲ್ಲ. ಸೋರುವ ತಾರಸಿಯೂ ಇಲ್ಲ, ಉಳಿದ ದಿನಗಳೂ ಇಲ್ಲ. ಶುದ್ಧ ಚೌಕಾಸಿ. ಸಿಸೆರೊ ಇದ್ದಿದ್ದರೆ ಇದನ್ನೇ ಬೆರಳು ಮಾಡಿ ತೋರಿಸುತ್ತಿದ್ದ. ನಾನು ಅವನಿಗೆ ಹೇಳಬಹುದಾದದ್ದು ಒಂದಿದೆ. ಕೇಳಿದ ಮೊದಲ ಬೆಲೆಗೇ ಎದುರಿನವರು ತಕ್ಷಣ ಒಪ್ಪಿಬಿಟ್ಟರೆ, ಇನ್ನೂ ಕಡಿಮೆಗೆ ಸಿಗುತ್ತಿತ್ತೇನೋ ಎಂಬ ಕೊರಗು ಕೇಳಿದವರಿಗೆ ಉಳಿಯುತ್ತದೆ ಎಂದು ಗ್ಯಾಲಿನ್‌ಸ್ಕಿ ಮತ್ತು ಸಂಗಡಿಗರು 2002ರಲ್ಲಿ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಸ್ಕೀವೋಲನಿಂದ ಕೇಳಿದ್ದಕ್ಕಿಂತ ಹೆಚ್ಚು ಹಣ ಪಡೆದವನು ಆ ರಾತ್ರಿ ನೆಮ್ಮದಿಯಿಂದ ಮಲಗಿದನೇ ಎಂಬುದನ್ನು ಸಿಸೆರೊ ಬರೆದಿಲ್ಲ. ಅಗ್ರಿಮೆಂಟಿಗೆ ಸಹಿ ಹಾಕಿದ ದಿನ ಆಕೆ ಮಾತ್ರ ತನ್ನಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದುದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು: “ಒಂದು ಮೂವತ್ತು ಅಂದಿದ್ರಮ್ಮ, ಒಂದು ಇಪ್ಪತ್ತಕ್ಕೆ ಮಾತಾಡಿದ್ವಿ.” ಅತ್ತೆ ಕಾಫಿಗೆ ಹಾಲು ಕಾಯಿಸುತ್ತ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.